ಉಸಿರುದಾರಿಯಲ್ಲಿ ಆಹಾರ ಸಿಕ್ಕಿದಾಗ ಪ್ರಥಮ ಚಿಕಿತ್ಸೆ

ನುಂಗಿದ ತುತ್ತು ಅನ್ನನಾಳಕ್ಕೆ ಇಳಿಯದೆ ಶ್ವಾಸನಾಳದ ಬಾಯಿಗೆ ಜಾರಿ ಗಾಳಿಯನ್ನು ತಡೆದಾಗ ಅದನ್ನು ಬರಿಗೈಯಿಂದಲೇ ಹೊರಗೆ ತರುವ ಕ್ರಮವಿದು. ಗಾಳಿ ಪೂರ್ತಿ ನಿಂತರೆ ಕೆಲವೇ ನಿಮಿಷಗಳಲ್ಲಿ ಮಿದುಳಿಗೆ ಹಾನಿಯಾಗುತ್ತದೆ. ಹಿರಿಯೂರಿನಿಂದ ಜಿಲ್ಲಾ ಆಸ್ಪತ್ರೆಯಿರುವ ಚಿತ್ರದುರ್ಗಕ್ಕೆ ಸುಮಾರು 40 ಕಿ.ಮೀ. ಇದೆ. ಹೊಸದುರ್ಗ, ಹೊಳಲ್ಕೆರೆಯ ಹಳ್ಳಿಗಳಿಂದಲೂ ಜಿಲ್ಲಾ ಆಸ್ಪತ್ರೆ ಹತ್ತಿರವಿಲ್ಲ. ಹಾಗಾಗಿ ಪಕ್ಕದಲ್ಲಿ ಇರುವವರೇ ಈ ಕೆಲಸ ಮಾಡಬೇಕು.

ಈ ಸೀಮೆಯಲ್ಲಿ ಮಕ್ಕಳಿಗೆ ಹೆಚ್ಚು ಅಪಾಯ ತರಬಲ್ಲ ಪದಾರ್ಥ ಶೇಂಗಾ. ಬೆಳೆ ಕಿತ್ತು ಕಾಯಿ ಬಿಡಿಸುವ ದಿನಗಳಲ್ಲಿ ಕಣದಲ್ಲೂ ಜಗಲಿಯಲ್ಲೂ ಬೀಜ ಚೆಲ್ಲಿರುತ್ತದೆ. ಅದು ಗಟ್ಟಿ, ನುಣುಪು, ಬಾಯಲ್ಲಿ ಜಾರುವಂಥದ್ದು. ಅರೆಯುವ ಹಿಂಬದಿಯ ಹಲ್ಲು ಇನ್ನೂ ಬಾರದ ಮಗು ಅದನ್ನು ಅಗಿಯಲಾರದು. ಕೂಸಿನ ಶ್ವಾಸನಾಳದ ಒಳ ಅಗಲ ಒಂದು ಶೇಂಗಾ ಬೀಜಕ್ಕಿಂತ ಕಿರಿದು. ಹೊಸದುರ್ಗದ ಕಡೆಯ ಕೊಬ್ಬರಿ ಚೂರಿಗೂ ಇದೇ ಮಾತು. ದೊಡ್ಡವರಲ್ಲಿ ಮಾತನಾಡುತ್ತಲೋ ನಗುತ್ತಲೋ ಅವಸರದಲ್ಲಿ ನುಂಗಿದ ಮಾಂಸದ ತುಂಡು ಅಥವಾ ಮುದ್ದೆಯ ತುತ್ತು ಸಿಕ್ಕಿಕೊಳ್ಳಬಹುದು.

ಮೊದಲು ನೋಡಬೇಕಾದದ್ದು ಕೆಮ್ಮನ್ನು. ಜೋರಾಗಿ ಕೆಮ್ಮುತ್ತಿದ್ದರೆ, ಅಳುತ್ತಿದ್ದರೆ, ಮಾತಾಡುತ್ತಿದ್ದರೆ ಗಾಳಿ ಇನ್ನೂ ಆಡುತ್ತಿದೆ ಎಂದರ್ಥ. ಆಗ ಕೆಮ್ಮಲು ಬಿಟ್ಟು ಪಕ್ಕದಲ್ಲೇ ನಿಲ್ಲಬೇಕು, ಏಕೆಂದರೆ ಕೆಮ್ಮಿಗಿಂತ ಒಳ್ಳೆಯ ಮದ್ದಿಲ್ಲ. ಕೆಮ್ಮು ಸದ್ದಿಲ್ಲದಂತಾದರೆ, ಧ್ವನಿ ಹೊರಡದಿದ್ದರೆ, ತುಟಿ ನೀಲಿಗಟ್ಟಿದರೆ, ದೊಡ್ಡವರು ಎರಡೂ ಕೈಯಿಂದ ಗಂಟಲು ಹಿಡಿದುಕೊಂಡರೆ ದಾರಿ ಪೂರ್ತಿ ಮುಚ್ಚಿದೆ. ನೆತ್ತಿಗೆ ಹತ್ತಿತೆಂದು ತಲೆ ತಟ್ಟುವುದು, ನೀರು ಕುಡಿಸುವುದು, ಅನ್ನದ ಉಂಡೆಯೋ ಬಾಳೆಹಣ್ಣೋ ನುಂಗಿಸುವುದು ಇಲ್ಲಿ ಕೆಲಸಕ್ಕೆ ಬಾರದು. ಮುಚ್ಚಿದ ದಾರಿಯ ಮೇಲೆ ಇನ್ನೊಂದು ತುತ್ತು ಕೂರುತ್ತದೆ, ಅಷ್ಟೆ. ಕಾಣದ ವಸ್ತುವಿಗಾಗಿ ಗಂಟಲಿಗೆ ಬೆರಳು ಹಾಕಿ ತಡಕಾಡಿದರೆ ಅದು ಇನ್ನೂ ಒಳಗೆ ಹೋಗುತ್ತದೆ.

ಹತ್ತು ತಿಂಗಳ ಕೂಸು ಕಣದಲ್ಲಿ ಬಿದ್ದ ಬೀಜವನ್ನು ಬಾಯಿಗೆ ಹಾಕಿಕೊಂಡು ಸದ್ದಿಲ್ಲದೆ ಬಾಯಿ ತೆರೆದಿದೆ ಎಂದುಕೊಳ್ಳೋಣ. ಒಬ್ಬರು 108ಕ್ಕೆ ಕರೆ ಮಾಡಬೇಕು, ಇನ್ನೊಬ್ಬರು ಕೂತು ಕೂಸನ್ನು ಮುಂಗೈ ಮೇಲೆ ಬೋರಲು ಮಲಗಿಸಿಕೊಳ್ಳಬೇಕು. ತಲೆ ಎದೆಗಿಂತ ಕೆಳಗಿರಲಿ, ದವಡೆಗೆ ಅಂಗೈ ಆಸರೆ ಇರಲಿ, ಗಂಟಲು ಅದುಮಬಾರದು. ಎರಡು ಹೆಗಲೆಲುಬುಗಳ ನಡುವೆ ಅಂಗೈಯ ಬುಡದಿಂದ 5 ಬಾರಿ ಬಿರುಸಾಗಿ ಗುದ್ದಬೇಕು. ಬೀಜ ಬಾರದಿದ್ದರೆ ಕೂಸನ್ನು ಅಂಗಾತ ತಿರುಗಿಸಿ, ತಲೆ ತಗ್ಗಿಸಿಯೇ ಇಟ್ಟು, ಮೊಲೆತೊಟ್ಟುಗಳ ಗೆರೆಗೆ ತುಸು ಕೆಳಗೆ ಎದೆಮೂಳೆಯ ಮೇಲೆ ಒಂದು ಅಂಗೈಯ ಬುಡದಿಂದ 5 ಬಾರಿ ಒತ್ತಬೇಕು. ಪ್ರತಿ ಒತ್ತೂ ಸುಮಾರು 4 ಸೆಂ.ಮೀ. ಇಳಿಯಬೇಕು. ಬೀಜ ಹೊರಬರುವವರೆಗೆ ಅಥವಾ ಕೂಸು ಅಳುವವರೆಗೆ ಇವೆರಡೂ ಸರದಿಯಲ್ಲಿ ಸಾಗಬೇಕು. ವರ್ಷ ತುಂಬದ ಮಗುವಿನ ಹೊಟ್ಟೆಯನ್ನು ಎಂದಿಗೂ ಅದುಮಬಾರದು. ಅದರ ಯಕೃತ್ತು ಪಕ್ಕೆಲುಬಿನ ಮರೆಯಿಂದ ಹೊರಗೆ ಚಾಚಿಕೊಂಡಿರುವುದರಿಂದ ಒತ್ತಿದರೆ ಹರಿಯುವ ಭಯವಿದೆ.

ವರ್ಷ ದಾಟಿದ ಮಕ್ಕಳಿಗೂ ದೊಡ್ಡವರಿಗೂ ಮೊದಲು ಮುಂದಕ್ಕೆ ಬಗ್ಗಿಸಿ ಬೆನ್ನಿಗೆ 5 ಗುದ್ದು. ಬಗ್ಗಿಸದೆ ಗುದ್ದಿದರೆ ಸಡಿಲವಾದ ತುತ್ತು ಮತ್ತೆ ಒಳಕ್ಕೇ ಜಾರೀತು. ಆಮೇಲೆ ಹಿಂದೆ ನಿಂತು, ಹೊಕ್ಕುಳಿಗೂ ಎದೆಮೂಳೆಯ ತುದಿಗೂ ನಡುವೆ ಮುಷ್ಟಿಯಿಟ್ಟು, ಇನ್ನೊಂದು ಕೈಯಿಂದ ಅದನ್ನು ಹಿಡಿದು ಒಳಕ್ಕೂ ಮೇಲಕ್ಕೂ 5 ಬಾರಿ ಜಗ್ಗಬೇಕು. ವಪೆ ಮೇಲೇರಿ ಶ್ವಾಸಕೋಶದಲ್ಲಿ ಉಳಿದ ಗಾಳಿ ಬಿರಡೆಯಂತಿರುವ ತುತ್ತನ್ನು ಕೆಳಗಿನಿಂದ ತಳ್ಳುತ್ತದೆ. ಅಮೆರಿಕದ ಶಸ್ತ್ರವೈದ್ಯ ಹೆನ್ರಿ ಹೈಮ್ಲಿಕ್ 1974ರಲ್ಲಿ ಹೇಳಿಕೊಟ್ಟ ವಿಧಾನವಿದು. ಅವರು ಬೆನ್ನಿಗೆ ಗುದ್ದುವುದನ್ನು ವಿರೋಧಿಸುತ್ತಿದ್ದರು, ಆ ದೇಶದ ಹೃದಯ ಸಂಘವೂ ದೊಡ್ಡವರಿಗೆ ಬಹುಕಾಲ ಹೊಟ್ಟೆಯೊತ್ತನ್ನೇ ಹೇಳಿತು. 2025ರ ಸೂಚನೆಯಲ್ಲಿ ಅದೂ ಮೊದಲು ಬೆನ್ನಿನ ಗುದ್ದಿಗೆ ಬಂದಿದೆ. ಹಳೆಯ ತರಬೇತಿ ಪಡೆದವರು ಈ ಬದಲಾವಣೆ ತಿಳಿದಿರಬೇಕು. ದಿನ ತುಂಬಿದ ಗರ್ಭಿಣಿಗೂ ಕೈ ಸುತ್ತಲಾಗದಷ್ಟು ದಪ್ಪವಿರುವವರಿಗೂ ಹೊಟ್ಟೆಯ ಬದಲು ಎದೆಯ ನಡುವೆ ಒತ್ತಬೇಕು.

ಪ್ರಜ್ಞೆ ತಪ್ಪಿದರೆ ನೆಲದ ಮೇಲೆ ಅಂಗಾತ ಮಲಗಿಸಿ ಎದೆಯೊತ್ತು ಶುರುಮಾಡಬೇಕು. 30 ಒತ್ತಿಗೆ 2 ಉಸಿರು. ಉಸಿರು ಕೊಡುವ ಮುನ್ನ ಪ್ರತಿ ಸಲವೂ ಬಾಯೊಳಗೆ ನೋಡಿ, ಕಣ್ಣಿಗೆ ಕಂಡ ತುಣುಕನ್ನು ಮಾತ್ರ ತೆಗೆಯಬೇಕು.

ಹೊಟ್ಟೆ ಒತ್ತಿಸಿಕೊಂಡವರಿಗೆ ಒಳಗಾಯ ಆಗಿರಬಹುದು, ಗುಣವಾದಂತೆ ಕಂಡರೂ ವೈದ್ಯರಿಗೆ ತೋರಿಸಬೇಕು. ಮೋಸಹೋಗುವ ಇನ್ನೊಂದು ಜಾಗವಿದೆ. ಶೇಂಗಾ ತಿಂದು ಕೆಮ್ಮಿದ ಮಗು ಸುಮ್ಮನಾದರೆ ಬೀಜ ಹೊಟ್ಟೆಗೆ ಹೋಯಿತೆಂದು ಮನೆಯವರು ನಿರಾಳರಾಗುತ್ತಾರೆ. ಎಷ್ಟೋ ಸಲ ಅದು ಶ್ವಾಸನಾಳದ ಕವಲಿಗೆ, ಹೆಚ್ಚಾಗಿ ಬಲಗಡೆಗೆ, ಇಳಿದಿರುತ್ತದೆ. ಅಲ್ಲಿ ತೇವ ಹೀರಿ ಉಬ್ಬಿ, ಎಣ್ಣೆಯಂಶದಿಂದ ಸುತ್ತಲಿನ ಪೊರೆಯನ್ನು ಕೆರಳಿಸುತ್ತದೆ. ದಿನಗಳು ಕಳೆದ ಮೇಲೆ ಒಂದೇ ಪಕ್ಕದಲ್ಲಿ ಸೀಟಿಯಂಥ ಉಸಿರು, ಜ್ವರ, ವಾಸಿಯಾಗದ ಕಫ ಕಾಣಿಸಿಕೊಂಡು ನೆಗಡಿಯೆಂದೋ ಅಸ್ತಮಾ ಎಂದೋ ಔಷಧಿ ನಡೆಯುತ್ತದೆ. ಎಕ್ಸ್‌ರೇಯಲ್ಲಿ ಬೀಜ ಕಾಣುವುದಿಲ್ಲ. ಅದನ್ನು ತೆಗೆಯಲು ಬ್ರಾಂಕೋಸ್ಕೋಪ್ ಎಂಬ ನಳಿಕೆ ಬೇಕು. ಮಗು ಏನು ತಿನ್ನುವಾಗ, ಯಾವಾಗ ಹೀಗೆ ಕೆಮ್ಮಿತೆಂದು ತಾಯಿ ಹೇಳಿದರೆ ವೈದ್ಯರು ತಡಮಾಡದೆ ಮಗುವನ್ನು ಅಂಥ ಸೌಲಭ್ಯವಿರುವ ದೊಡ್ಡ ಆಸ್ಪತ್ರೆಗೆ ಕಳುಹಿಸಬಲ್ಲರು.