ಯಾವುದಕ್ಕೆ ನಿಷ್ಠೆ? ಒಂದು ವಾದ್ಯ, ಒಬ್ಬ ಕಲಾವಿದೆ, ಮುಗಿಯದ ಒಂದು ವಿವಾದ

1912ರಲ್ಲಿ ಬ್ರೆಸ್ಲೌ ನಗರದಲ್ಲಿ (ಈಗ ಪೋಲೆಂಡಿನ ವ್ರೊತ್ಸ್ವಾಫ್) ನಡೆದ ಬಾಖ್ ಸಂಗೀತೋತ್ಸವದಲ್ಲಿ ವಾಂಡಾ ಲಾಂಡೋವ್ಸ್ಕಾ ಎಂಬ ಕಲಾವಿದೆ ಹೊಸದೊಂದು ಹಾರ್ಪ್ಸಿಕಾರ್ಡನ್ನು ಕೇಳುಗರ ಮುಂದಿಟ್ಟರು. ಪ್ಯಾರಿಸ್ಸಿನ ಪ್ಲೆಯೆಲ್ ಎಂಬ ಪಿಯಾನೋ ಕಂಪನಿ ಅವರು ಕೇಳಿದಂತೆ ಅದನ್ನು ತಯಾರಿಸಿಕೊಟ್ಟಿತ್ತು. ಬಾಖ್ ಸಂಗೀತವನ್ನು ಪಿಯಾನೋದಲ್ಲಿ ಕೇಳಿಯೇ ಬೆಳೆದಿದ್ದ ಜನಕ್ಕೆ, ಬಾಖ್ ಕಾಲದ ವಾದ್ಯವೇ ಮರಳಿ ಬಂದಂತೆ ಕಂಡಿತು. ಆದರೆ ಅರ್ಧ ಶತಮಾನ ಕಳೆಯುವಷ್ಟರಲ್ಲಿ ಅದೇ ವಾದ್ಯವನ್ನು ಹಳೆಯ ಸಂಗೀತದ ಪಂಡಿತರು 'ಇದು ಹಾರ್ಪ್ಸಿಕಾರ್ಡೇ ಅಲ್ಲ' ಎಂದು ಪಕ್ಕಕ್ಕೆ ಸರಿಸಿದರು. ಅಸಲಿ ಎನಿಸಿದ್ದು ನಕಲಿಯಾದದ್ದು ಹೇಗೆ? ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಲ್ಲಿ 'ಅಥೆಂಟಿಸಿಟಿ', ಅಂದರೆ ಅಸಲಿತನದ ಬಗ್ಗೆ ನಡೆದ ದೊಡ್ಡ ಜಗಳವನ್ನು ಈ ಒಂದು ವಾದ್ಯದ ಕಥೆಯಿಂದಲೇ ಅರ್ಥ ಮಾಡಿಕೊಳ್ಳಬಹುದು.

ಮೊದಲು ವಾದ್ಯದ ವಿಷಯ. ಹಾರ್ಪ್ಸಿಕಾರ್ಡ್ ನೋಡಲು ಪಿಯಾನೋದ ಹಾಗೇ ಇರುತ್ತದೆ, ಆದರೆ ಒಳಗಿನ ಕೆಲಸವೇ ಬೇರೆ. ಪಿಯಾನೋದಲ್ಲಿ ಕೀ ಒತ್ತಿದರೆ ಪುಟ್ಟ ಸುತ್ತಿಗೆಯೊಂದು ತಂತಿಗೆ ಬಡಿಯುತ್ತದೆ. ಮೆಲ್ಲಗೆ ಒತ್ತಿದರೆ ಮೆಲುದನಿ, ಜೋರಾಗಿ ಒತ್ತಿದರೆ ಜೋರು ದನಿ. ಹಾರ್ಪ್ಸಿಕಾರ್ಡಿನಲ್ಲಿ ಕೀ ಒತ್ತಿದಾಗ ಮರದ ತೆಳುಪಟ್ಟಿಯೊಂದು ಮೇಲೇಳುತ್ತದೆ. ಅದಕ್ಕೆ ಸಿಕ್ಕಿಸಿದ ಹಕ್ಕಿಗರಿಯ ಚೂರು ತಂತಿಯನ್ನು ಮೀಟುತ್ತದೆ. ವೀಣೆಯ ತಂತಿಯನ್ನು ಬೆರಳು ಮೀಟುವ ಹಾಗೆಯೇ ಇದು, ಆದರೆ ಬೆರಳಿಗೂ ತಂತಿಗೂ ನಡುವೆ ಯಂತ್ರವೊಂದು ನಿಂತಿದೆ. ಹಾಗಾಗಿ ಎಷ್ಟೇ ಬಲ ಹಾಕಿ ಒತ್ತಿದರೂ ದನಿಯ ಗಾತ್ರ ಹೆಚ್ಚುಕಡಿಮೆ ಒಂದೇ. ಹದಿನೆಂಟನೇ ಶತಮಾನದ ಕೊನೆಗೆ ಪಿಯಾನೋ ಇದನ್ನು ಹಿಂದೆ ತಳ್ಳಿದ್ದಕ್ಕೆ ಇದು ಒಂದು ಮುಖ್ಯ ಕಾರಣ.

ಲಾಂಡೋವ್ಸ್ಕಾ 1879ರಲ್ಲಿ ವಾರ್ಸಾದಲ್ಲಿ ಹುಟ್ಟಿದವರು, ಪಿಯಾನೋ ಕಲಿತವರು. 1900ರಲ್ಲಿ ಪ್ಯಾರಿಸ್ಸಿಗೆ ಬಂದರು. ಗ್ರಂಥಾಲಯಗಳಲ್ಲಿ ಹಳೆಯ ಪುಸ್ತಕಗಳನ್ನು ಓದಿ, ಮ್ಯೂಸಿಯಂಗಳಲ್ಲಿ ಹಳೆಯ ವಾದ್ಯಗಳನ್ನು ನೋಡಿ, 1909ರಲ್ಲಿ ಹಳೆಯ ಸಂಗೀತದ ಬಗ್ಗೆ ಫ್ರೆಂಚಿನಲ್ಲಿ ಪುಸ್ತಕವನ್ನೇ ಬರೆದರು. ಬಾಖ್ ಕೃತಿಗಳನ್ನು ಪಿಯಾನೋದಲ್ಲಿ ನುಡಿಸುವುದೇ ಸುಧಾರಣೆ ಎಂದು ದೊಡ್ಡವರೆಲ್ಲ ನಂಬಿದ್ದ ಕಾಲದಲ್ಲಿ, ಒಬ್ಬ ಯುವತಿ ಅದನ್ನು ಬಹಿರಂಗವಾಗಿ ಪ್ರಶ್ನಿಸಿದ್ದು ಸಣ್ಣ ಮಾತಲ್ಲ. 1925ರಲ್ಲಿ ಪ್ಯಾರಿಸ್ ಹತ್ತಿರದ ಸೇಂಟ್ ಲ್ಯೂ ಎಂಬ ಊರಿನಲ್ಲಿ ಹಳೆಯ ಸಂಗೀತದ ಶಾಲೆ ತೆರೆದರು. 1933ರಲ್ಲಿ ಬಾಖ್‌ನ 'ಗೋಲ್ಡ್‌ಬರ್ಗ್ ವೇರಿಯೇಶನ್ಸ್' ಕೃತಿಯನ್ನು ಹಾರ್ಪ್ಸಿಕಾರ್ಡಿನಲ್ಲಿ ಧ್ವನಿಮುದ್ರಿಸಿದರು. 1940ರಲ್ಲಿ ನಾಜಿ ಸೈನ್ಯ ಬಂದಾಗ, ಯಹೂದಿ ಮೂಲದ ಅವರು ಮನೆ ಬಿಟ್ಟು ಓಡಬೇಕಾಯಿತು. ಅವರ ವಾದ್ಯಗಳನ್ನೂ ಪುಸ್ತಕ ಭಂಡಾರವನ್ನೂ ನಾಜಿಗಳು ದೋಚಿದರು. 1941ರ ಡಿಸೆಂಬರ್ 7ರಂದು, ಪರ್ಲ್ ಹಾರ್ಬರ್ ಮೇಲೆ ದಾಳಿಯಾದ ದಿನವೇ, ಅವರು ನ್ಯೂಯಾರ್ಕ್ ತಲುಪಿದರು. ಎರಡೂವರೆ ತಿಂಗಳಲ್ಲಿ ಅಲ್ಲಿನ ಟೌನ್ ಹಾಲ್‌ನಲ್ಲಿ ಅದೇ 'ಗೋಲ್ಡ್‌ಬರ್ಗ್' ನುಡಿಸಿದರು. ಆಗ ಅವರಿಗೆ 62 ವರ್ಷ.

ಇಷ್ಟೆಲ್ಲ ಓದಿದ ಅವರು ಮ್ಯೂಸಿಯಂನ ವಾದ್ಯವನ್ನು ಇದ್ದಂತೆಯೇ ನಕಲು ಮಾಡಿಸಲಿಲ್ಲ. ಹಳೆಯ ಹಾರ್ಪ್ಸಿಕಾರ್ಡ್ ಹಗುರವಾದ ಮರದ ಪೆಟ್ಟಿಗೆ. ತಂತಿಗಳು ತೆಳು, ನಾದ ಹೊಮ್ಮಿಸುವ ಹಲಗೆ ಸುಮಾರು ಮೂರು ಮಿಲಿಮೀಟರ್ ದಪ್ಪ. ಪ್ಲೆಯೆಲ್ ಕಂಪನಿಗೆ ಗೊತ್ತಿದ್ದದ್ದು ಪಿಯಾನೋ ಕಟ್ಟುವ ವಿದ್ಯೆ. ದಪ್ಪ ತಂತಿ, ಭಾರದ ಚೌಕಟ್ಟು, ಮುಂದೆ ಕಬ್ಬಿಣದ ಫ್ರೇಮ್, ಗರಿಯ ಬದಲು ಚರ್ಮದ ತುದಿ, ಕಾಲಿನ ಬಳಿ ಏಳು ಪೆಡಲ್. ಜೊತೆಗೆ 'ಹದಿನಾರು ಅಡಿ' ಎಂದು ಕರೆಯುವ ತಂತಿಗಳ ಒಂದು ಹೆಚ್ಚುವರಿ ಸಾಲು. ಇದು ಬರೆದ ಸ್ವರಕ್ಕಿಂತ ಒಂದು ಸ್ಥಾಯಿ ಕೆಳಗೆ ಮೊಳಗುತ್ತದೆ. ಬಾಖ್ ಕಾಲದಲ್ಲಿ ಇಂಥ ಸಾಲು ಇರಲೇ ಇಲ್ಲ ಎನ್ನಲಾಗದು. ಹ್ಯಾಂಬರ್ಗಿನ ಹಾಸ್ ಮನೆತನದವರು ಅಂಥ ಕೆಲವು ವಾದ್ಯಗಳನ್ನು ಕಟ್ಟಿದ್ದರು. ಆದರೆ ಅದು ಅಪರೂಪವಾಗಿತ್ತು. ಲಾಂಡೋವ್ಸ್ಕಾಗೆ ಇವೆಲ್ಲ ಬೇಕಾಗಿದ್ದಕ್ಕೆ ಕಾರಣವಿತ್ತು. ಹಳೆಯ ಹಾರ್ಪ್ಸಿಕಾರ್ಡ್ ಮನೆಯ ಕೋಣೆಗಾಗಿ ಹುಟ್ಟಿದ್ದು. ಅವರು ನುಡಿಸಬೇಕಿದ್ದದ್ದು ದೊಡ್ಡ ಸಭಾಂಗಣಗಳಲ್ಲಿ, ಪಿಯಾನೋಗೆ ಒಗ್ಗಿದ ಕಿವಿಗಳಿಗೆ.

ಈ ವಾದ್ಯ ನುಡಿಸುವ ರೀತಿಯನ್ನೂ ಬದಲಿಸಿತು. 'ಗೋಲ್ಡ್‌ಬರ್ಗ್' 1741ರ ಸುಮಾರಿಗೆ ಅಚ್ಚಾದ ಕೃತಿ. ಒಂದು ಮೂಲ ಹಾಡು, ಅದರ ಮೇಲೆ 30 ರೂಪಾಂತರಗಳು. ಎರಡು ಕೀಬೋರ್ಡ್ ಇರುವ ಹಾರ್ಪ್ಸಿಕಾರ್ಡಿಗೆಂದು ಮುಖಪುಟವೇ ಹೇಳುತ್ತದೆ. ಯಾವ ರೂಪಾಂತರಕ್ಕೆ ಒಂದು ಕೀಬೋರ್ಡ್, ಯಾವುದಕ್ಕೆ ಎರಡು ಎಂಬ ಸೂಚನೆಯೂ ಇದೆ. ಹೀಗಿರುವಾಗ ಹಾರ್ಪ್ಸಿಕಾರ್ಡಿಗೆ ಮರಳಿದ್ದಕ್ಕೆ ಲಾಂಡೋವ್ಸ್ಕಾ ಬಳಿ ಗಟ್ಟಿ ಆಧಾರವಿತ್ತು. ಎರಡು ಕೈಗಳು ಒಂದರ ಮೇಲೊಂದು ದಾಟುವ ಭಾಗಗಳಲ್ಲಿ ಪಿಯಾನೋದ ಒಂದೇ ಕೀಬೋರ್ಡಿನ ಮೇಲೆ ಬೆರಳುಗಳು ಡಿಕ್ಕಿ ಹೊಡೆಯುತ್ತವೆ. ಎರಡು ಕೀಬೋರ್ಡಿದ್ದರೆ ಆ ತೊಡಕಿಲ್ಲ. ಆದರೆ ಪೆಡಲ್ ಇದ್ದುದರಿಂದ ಅವರು ನುಡಿಸುತ್ತಿರುವಾಗಲೇ ತಂತಿಗಳ ಸಾಲು ಬದಲಿಸಬಲ್ಲವರಾಗಿದ್ದರು. ಆರ್ಕೆಸ್ಟ್ರಾದಲ್ಲಿ ಒಂದೊಂದೇ ವಾದ್ಯ ಸೇರುವಂತೆ ಬಣ್ಣ ಬದಲಾಗುತ್ತಿತ್ತು. ಹಳೆಯ ವಾದ್ಯದಲ್ಲಿ ಸಾಮಾನ್ಯವಾಗಿ ಸಾಲು ಬದಲಿಸಲು ಕೈಯೇ ಬೇಕು. ಕೈ ಬಿಡುವಾದಾಗ ಮಾತ್ರ ಅದು ಸಾಧ್ಯ.

ಎರಡನೇ ಮಹಾಯುದ್ಧದ ನಂತರ ಹೊಸ ತಲೆಮಾರು ಬಂತು. 1949ರಲ್ಲಿ ಬಾಸ್ಟನ್ನಿನಲ್ಲಿ ಫ್ರಾಂಕ್ ಹಬ್ಬಾರ್ಡ್ ಮತ್ತು ವಿಲಿಯಂ ಡೌಡ್ ಕಾರ್ಯಾಗಾರ ತೆರೆದರು. ಹಳೆಯ ವಾದ್ಯಗಳನ್ನು ಅಳೆದು, ಅದೇ ತತ್ವದಲ್ಲಿ ಹೊಸದು ಕಟ್ಟುವುದು ಅವರ ದಾರಿ. ಜರ್ಮನಿಯಲ್ಲಿ ಮಾರ್ಟಿನ್ ಸ್ಕೊವ್ರೊನೆಕ್ ಅದೇ ಹಾದಿ ಹಿಡಿದರು. ಆಂಟ್‌ವರ್ಪಿನ ಡುಲ್ಕೆನ್ 1745ರಲ್ಲಿ ಮಾಡಿದ ವಾದ್ಯದ ಮಾದರಿಯಲ್ಲಿ ಅವರು ಕಟ್ಟಿದ ಹಾರ್ಪ್ಸಿಕಾರ್ಡನ್ನು ಡಚ್ ಕಲಾವಿದ ಗುಸ್ತಾವ್ ಲಿಯೊನ್‌ಹಾರ್ಟ್ 1960ರ ದಶಕದಲ್ಲಿ ನುಡಿಸಿದರು.

ಈ ಹಗುರ ವಾದ್ಯಗಳು ಕಲಿಸಿದ ಪಾಠವೇ ಬೇರೆ. ದನಿ ಜೋರು ಮಾಡಲಾಗದು, ಪೆಡಲ್ ಇಲ್ಲ. ಹಾಗಾದರೆ ಒಂದು ಸ್ವರಕ್ಕೆ ಒತ್ತು ಕೊಡುವುದು ಹೇಗೆ? ಉತ್ತರ ಕಾಲದಲ್ಲಿತ್ತು. ಆ ಸ್ವರವನ್ನು ಕೂದಲೆಳೆಯಷ್ಟು ತಡ ಮಾಡುವುದು, ಅದಕ್ಕೂ ಮುಂಚಿನ ಸ್ವರವನ್ನು ಬೇಗ ಬಿಟ್ಟು ಚಿಕ್ಕ ಮೌನ ಇಡುವುದು, ಅಥವಾ ಒಂದು ಸ್ವರ ಮುಗಿಯುವ ಮೊದಲೇ ಮುಂದಿನದನ್ನು ಒತ್ತಿ ಎರಡನ್ನೂ ಬೆಸೆಯುವುದು. ಕಿವಿಗೆ ಅದು ಒತ್ತಿನಂತೆಯೇ ಕೇಳಿಸುತ್ತದೆ. ಲಿಯೊನ್‌ಹಾರ್ಟ್ ಇದರಲ್ಲಿ ಪಳಗಿದವರು. ಕಾಲಕ್ಕೆ ತಕ್ಕ ವಾದ್ಯ ಬೇಕು ಎನ್ನುವವರ ಅತಿ ಬಲವಾದ ವಾದ ಇಲ್ಲಿದೆ. ವಾದ್ಯ ಬೇಕಾಗಿರುವುದು ಅದರ ಹಳೆಯ ದನಿಗಾಗಿ ಮಾತ್ರವಲ್ಲ, ಅದು ಬೆರಳುಗಳಿಗೆ ಹಾಕುವ ಕಟ್ಟುಪಾಡಿಗಾಗಿ.

ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ ಅಮೆರಿಕದ ಸಂಗೀತ ಇತಿಹಾಸಕಾರ ರಿಚರ್ಡ್ ಟರಸ್ಕಿನ್ 1988ರ ಪ್ರಬಂಧವೊಂದರಲ್ಲಿ ತಲೆಕೆಳಗು ಮಾಡುವ ಮಾತು ಹೇಳಿದರು. ಚುರುಕು ಗತಿ, ಸ್ಪಷ್ಟ ಲಯ, ಭಾವಾತಿರೇಕಕ್ಕೆ ಕಡಿವಾಣ, ಇವನ್ನೆಲ್ಲ ನಾವು ಹದಿನೆಂಟನೇ ಶತಮಾನದ್ದು ಎಂದುಕೊಳ್ಳುತ್ತೇವೆ. ಅವರ ಪ್ರಕಾರ ಇವು ಸ್ಟ್ರಾವಿನ್ಸ್ಕಿಯಂಥವರು ರೂಪಿಸಿದ ಇಪ್ಪತ್ತನೇ ಶತಮಾನದ ರುಚಿ. ಹಳೆಯ ದಾಖಲೆಗಳು ಹೇಳದೆ ಬಿಟ್ಟ ಜಾಗ ಬಹಳ ಇದೆ. ಆ ಜಾಗವನ್ನು ಕಲಾವಿದರು ತಮ್ಮ ಕಾಲದ ಅಭಿರುಚಿಯಿಂದ ತುಂಬುತ್ತಾರೆ. ಟರಸ್ಕಿನ್ ಇದನ್ನು ತಪ್ಪೆಂದು ಬೈಯಲಿಲ್ಲ. ಹಾಗೆ ನುಡಿಸಿದ ಸಂಗೀತ ಜೀವಂತವಾಗಿರುವುದೇ ಅದರಿಂದ, ಆದರೆ ಅದಕ್ಕೆ ಇತಿಹಾಸದ ಮುದ್ರೆ ಒತ್ತಬೇಡಿ ಎಂಬುದು ಅವರ ತಕರಾರು.

ವಾದ್ಯಗಳನ್ನು ಹತ್ತಿರದಿಂದ ನೋಡಿದರೂ ಈ ಮಾತಿಗೆ ಪುಷ್ಟಿ ಸಿಗುತ್ತದೆ. ಇಂದಿನ 'ಅಸಲಿ' ಹಾರ್ಪ್ಸಿಕಾರ್ಡುಗಳಲ್ಲಿ ಹೆಚ್ಚಿನವುಗಳ ಮೀಟುವ ತುದಿ ಗರಿಯಲ್ಲ, ಡೆಲ್ರಿನ್ ಎಂಬ ಪ್ಲಾಸ್ಟಿಕ್. ಅದು ಬೇಗ ಸವೆಯುವುದಿಲ್ಲ. ಬಾಖ್ ಕಾಲದ ಶ್ರುತಿ ಎಂದು ಎಲ್ಲರೂ ಬಳಸುವ 415 ಹರ್ಟ್ಸ್ ಕೂಡ ಒಂದು ಹೊಂದಾಣಿಕೆಯೇ. ಆಗ ಊರಿಗೊಂದು ಶ್ರುತಿ ಇತ್ತು. 415 ಎಂಬುದು ಇಂದಿನ 440ಕ್ಕಿಂತ ಸರಿಯಾಗಿ ಅರ್ಧ ಸ್ವರ ಕೆಳಗಿರುವುದರಿಂದ ಎಲ್ಲರಿಗೂ ಅನುಕೂಲ.

ಇನ್ನೊಂದು ಸ್ವಾರಸ್ಯದ ಸಂಗತಿ ಇದೆ. ಲಿಯೊನ್‌ಹಾರ್ಟ್ ನುಡಿಸುತ್ತಿದ್ದ ಒಂದು ಹಾರ್ಪ್ಸಿಕಾರ್ಡ್ 1755ರಲ್ಲಿ ನಿಕೊಲಾ ಲೆಫೆಬ್ರ್ ಎಂಬವರು ಮಾಡಿದ್ದು ಎಂದು ಎಲ್ಲರೂ ನಂಬಿದ್ದರು. 2002ರಲ್ಲಿ ಸ್ಕೊವ್ರೊನೆಕ್ ಅದನ್ನು ಮಾಡಿದ್ದು ತಾನೇ ಎಂದು ಬರೆದು ತಿಳಿಸಿದರು. ಮೋಸದ ಉದ್ದೇಶ ತನಗಿರಲಿಲ್ಲ ಎಂದೂ ಹೇಳಿದರು. ವಾದ್ಯದ ನಾದ ಆ ದಿನ ಏನೂ ಬದಲಾಗಲಿಲ್ಲ. ಬದಲಾದದ್ದು ಅದರ ಜಾತಕ ಮಾತ್ರ.

ಹಾಗಾದರೆ ಅಸಲಿತನ ಅಂದರೇನು? ತತ್ವಶಾಸ್ತ್ರಜ್ಞ ಪೀಟರ್ ಕಿವಿ 1995ರ ತಮ್ಮ ಪುಸ್ತಕದಲ್ಲಿ ಈ ಒಂದು ಪದದೊಳಗೆ ನಾಲ್ಕು ಅರ್ಥ ಅಡಗಿವೆ ಎಂದು ಬಿಡಿಸಿ ತೋರಿಸಿದರು. ರಚನಕಾರನ ಉದ್ದೇಶಕ್ಕೆ ನಿಷ್ಠೆ, ಅಂದು ಕೇಳಿಬರುತ್ತಿದ್ದ ನಾದಕ್ಕೆ ನಿಷ್ಠೆ, ಅಂದು ನುಡಿಸುತ್ತಿದ್ದ ರೂಢಿಗೆ ನಿಷ್ಠೆ, ಮತ್ತು ಕಲಾವಿದೆ ತನಗೆ ತಾನು ಸಲ್ಲಿಸುವ ನಿಷ್ಠೆ. ಪ್ಲೆಯೆಲ್ ವಾದ್ಯವನ್ನು ಈ ಒರೆಗಲ್ಲಿಗೆ ಹಚ್ಚಿ ನೋಡಿ. ನಾದದ ಲೆಕ್ಕದಲ್ಲಿ ಅದು ಸೋಲುತ್ತದೆ. ಪೆಡಲ್‌ನಿಂದಾಗಿ ರೂಢಿಯ ಲೆಕ್ಕದಲ್ಲೂ ಅಷ್ಟಕ್ಕಷ್ಟೇ. ಉದ್ದೇಶದ ಲೆಕ್ಕದಲ್ಲಿ, ಎರಡು ಕೀಬೋರ್ಡಿನ ಮೀಟುವಾದ್ಯಕ್ಕೆ ಕೃತಿಯನ್ನು ಹಿಂದಿರುಗಿಸಿದ್ದಕ್ಕೆ ಪಿಯಾನೋಗಿಂತ ಮುಂದಿದೆ. ನಾಲ್ಕನೆಯದರಲ್ಲಿ ಅದನ್ನು ನುಡಿಸಿದ ಲಾಂಡೋವ್ಸ್ಕಾ ಯಾರಿಗೂ ಕಡಿಮೆಯಲ್ಲ. ಹೊಸ ತಲೆಮಾರು 'ನಕಲಿ' ಎಂದಾಗ ಮೊದಲ ಅರ್ಥಗಳನ್ನಷ್ಟೇ ಅಳೆದು, ನಾಲ್ಕನೆಯದಕ್ಕೂ ಸೇರಿಸಿಯೇ ತೀರ್ಪು ಕೊಟ್ಟಿತು.

ವಿಶೇಷವೆಂದರೆ, ಈ ಗೊಂದಲ ಲಾಂಡೋವ್ಸ್ಕಾಗೆ ಇರಲಿಲ್ಲ. ಫ್ರೆಂಚ್ ರಚನಕಾರ ರಾಮೋ ಸಮಾಧಿಯಿಂದ ಎದ್ದು ಬಂದು ತನ್ನ ಕೃತಿಯನ್ನು ನುಡಿಸುವ ರೀತಿ ಬದಲಿಸು ಎಂದರೂ, 'ಹೆತ್ತದ್ದು ನೀವು, ಇನ್ನು ನನಗೂ ಅದಕ್ಕೂ ಬಿಡಿ' ಎಂಬ ಅರ್ಥದ ಉತ್ತರ ಕೊಡುವುದಾಗಿ ಅವರು ಬರೆದಿದ್ದಾರೆ. ಹಳೆಯ ಪುಸ್ತಕಗಳನ್ನು ಅಷ್ಟು ಆಳವಾಗಿ ಓದಿದವರ ಮಾತಿದು. ಆಧಾರಗಳನ್ನು ತಿಳಿಯುವುದು ಅವರಿಗೆ ಕರ್ತವ್ಯ, ಅವುಗಳಿಗೆ ಶರಣಾಗುವುದು ಅಲ್ಲ.

ಅವರ 1933ರ ಧ್ವನಿಮುದ್ರಣ ಇಂದೂ ಕೇಳಲು ಸಿಗುತ್ತದೆ, ಲಿಯೊನ್‌ಹಾರ್ಟ್ ನುಡಿಸಿದ 'ಗೋಲ್ಡ್‌ಬರ್ಗ್' ಕೂಡ. ಮೊದಲ ಹಾಡನ್ನು ಎರಡರಲ್ಲೂ ಒಂದಾದ ಮೇಲೊಂದು ಕೇಳಿ. ಒಂದರಲ್ಲಿ ಬಣ್ಣ ಎಲ್ಲಿ ಬದಲಾಗುತ್ತದೆ, ಇನ್ನೊಂದರಲ್ಲಿ ಸ್ವರ ಎಲ್ಲಿ ತುಸು ತಡವಾಗಿ ಬೀಳುತ್ತದೆ ಎಂದು ಗಮನಿಸಿ. ಯಾವುದು ಅಸಲಿ ಎಂದು ಯಾರಾದರೂ ಕೇಳಿದರೆ, ಯಾವುದಕ್ಕೆ ಅಸಲಿ ಎಂದು ಅವರನ್ನೇ ಮರಳಿ ಕೇಳಬಹುದು.