ಉಷ್ಣಗತಿಶಾಸ್ತ್ರ ಪ್ರಯೋಗಾಲಯದ ಮೌಖಿಕ ಪರೀಕ್ಷೆ

ಪ್ರಯೋಗ ಮಾಡಿದ ವಿದ್ಯಾರ್ಥಿ ತನ್ನ ಅಳತೆಗಳ ಹಿಂದಿನ ಕಾರಣಗಳನ್ನು ವಿವರಿಸಬೇಕಾದ ಪರೀಕ್ಷೆ. ಅನಿಲ ನಿಯಮ ಮತ್ತು ಉಷ್ಣಮಾಪನದ ಮಾದರಿ ಪ್ರಶ್ನೋತ್ತರಗಳು ಹೀಗಿವೆ.

ಪ್ರಶ್ನೆ: ಬಾಯ್ಲ್ ನಿಯಮದ ಪ್ರಯೋಗದಲ್ಲಿ ಸಿರಿಂಜನ್ನು ನಿಧಾನವಾಗಿ ಒತ್ತುವುದೇಕೆ?
ಉತ್ತರ: ಬೇಗ ಒತ್ತಿದರೆ ಒಳಗಿನ ಗಾಳಿ ಬಿಸಿಯಾಗುತ್ತದೆ, ನಿಯಮವೋ ಸ್ಥಿರ ಉಷ್ಣತೆಯನ್ನು ಬೇಡುತ್ತದೆ. ಒತ್ತಿದ ಬಳಿಕ ಒತ್ತಡದ ಅಂಕಿ ಮೆಲ್ಲನೆ ಇಳಿದು ಒಂದೆಡೆ ನಿಂತರೆ, ಗಾಳಿ ತಣಿಯುತ್ತಿತ್ತು ಎಂದರ್ಥ. ನಿಲ್ಲದೆ ಇಳಿಯುತ್ತಲೇ ಇದ್ದರೆ ಗಾಳಿ ಸೋರುತ್ತಿದೆ.

ಪ್ರಶ್ನೆ: V ಮತ್ತು 1/P ನಕ್ಷೆಯ ಸರಳರೇಖೆ ಮೂಲಬಿಂದುವಿನ ಕೆಳಗೆ V ಅಕ್ಷವನ್ನು ಕತ್ತರಿಸಿದರೆ?
ಉತ್ತರ: ಜೋಡಣೆಯ ಕೊಳವೆಯಲ್ಲಿರುವ ಗಾಳಿಯ ಗಾತ್ರ V₀ ಲೆಕ್ಕಕ್ಕೆ ಬಂದಿಲ್ಲ. ಆಗ V = k/P − V₀.

ಪ್ರಶ್ನೆ: ಮಿಶ್ರಣ ವಿಧಾನದಲ್ಲಿ ಕ್ಯಾಲೊರಿಮೀಟರಿನ ಉಷ್ಣವನ್ನೂ ಸೇರಿಸುವುದೇಕೆ?
ಉತ್ತರ: ನೀರಿನೊಂದಿಗೆ ಪಾತ್ರೆಯೂ ಬಿಸಿಯಾಗುತ್ತದೆ. 100 ಗ್ರಾಂ ತಾಮ್ರದ ಪಾತ್ರೆಯಲ್ಲಿ 25°C ನ 150 ಗ್ರಾಂ ನೀರಿದೆ ಎನ್ನೋಣ. 98°C ಗೆ ಕಾಯಿಸಿದ 200 ಗ್ರಾಂ ಹಿತ್ತಾಳೆ ಹಾಕಿದಾಗ ಉಷ್ಣತೆ 32.4°C ತಲುಪಿತು. ನೀರು ಪಡೆದದ್ದು 150 × 4.2 × 7.4 = 4662 ಜೂಲ್; ಪಾತ್ರೆ, 100 × 0.39 × 7.4 ≈ 289 ಜೂಲ್. ಹಿತ್ತಾಳೆಯ ವಿಶಿಷ್ಟೋಷ್ಣ 4951 ÷ (200 × 65.6) ≈ 0.377 J/g·K. ಪಾತ್ರೆಯನ್ನು ಬಿಟ್ಟರೆ 0.355 ಮಾತ್ರ ಬರುತ್ತದೆ.

ಪ್ರಶ್ನೆ: ಕುದಿನೀರಿನಿಂದ ತೆಗೆದ ಹಿತ್ತಾಳೆಗೆ ಬಿಸಿನೀರು ಅಂಟಿದ್ದರೆ?
ಉತ್ತರ: ಆ ನೀರೂ ಉಷ್ಣ ಕೊಡುವುದರಿಂದ ವಿಶಿಷ್ಟೋಷ್ಣ ನಿಜಕ್ಕಿಂತ ಹೆಚ್ಚು ಬರುತ್ತದೆ. ಲೋಹವನ್ನು ಸಾಗಿಸುವಾಗ ಅದು ತಣಿದರೆ ಬೆಲೆ ಕಡಿಮೆಯಾಗುತ್ತದೆ.