ಕವಡೆಯ ಪಕ್ಷಪಾತ ಮತ್ತು ಸಮಾನ ತೀರ್ಪು: ಜೋಡಿ ಎಸೆತದ ವಿಧಾನದ ಚರಿತ್ರೆ

ಚೌಕಾಬಾರದ ಮನೆಯ ಮುಂದೆ ಕುಳಿತ ಆಟಗಾರರು ನಾಲ್ಕು ಕವಡೆಗಳನ್ನು ಕೈಯಲ್ಲಿ ಕುಲುಕಿ ನೆಲಕ್ಕೆ ಚೆಲ್ಲುತ್ತಾರೆ. ಅಂಗಾತ ಬಿದ್ದವುಗಳ ಲೆಕ್ಕದಂತೆ ಕಾಯಿ ನಡೆಯುತ್ತದೆ. ನಾಲ್ಕೂ ಅಂಗಾತ ಬಿದ್ದರೆ ನಾಲ್ಕು, ನಾಲ್ಕೂ ಬೋರಲು ಬಿದ್ದರೆ ಎಂಟು. ಕವಡೆಯ ಒಂದು ಮೈ ಉಬ್ಬು, ಇನ್ನೊಂದು ಮೈ ಸೀಳುಬಾಯಿಯ ಚಪ್ಪಟೆ. ಆದುದರಿಂದ ಅದು ಎರಡು ಬಗೆಯಲ್ಲೂ ಸಮಸಮನಾಗಿ ಬೀಳುತ್ತದೆಂದು ನಂಬಲು ಕಾರಣವಿಲ್ಲ. ಕವಡೆ ದೊರೆಯದಾಗ ಬಳಸುವ, ಒಂದು ಬದಿಯನ್ನು ಬಿಳಿಯಾಗುವಂತೆ ಉಜ್ಜಿದ ಹುಣಸೆ ಬೀಜಕ್ಕೂ ಈ ಮಾತು ಸಲ್ಲುತ್ತದೆ. ಹೀಗಿದ್ದರೂ ಆಟವು ಅನ್ಯಾಯವೆನಿಸುವುದಿಲ್ಲ. ಎಲ್ಲರೂ ಅವೇ ಕವಡೆಗಳನ್ನು ಸರದಿಯಂತೆ ಎಸೆಯುವುದರಿಂದ ಕವಡೆಯ ಪಕ್ಷಪಾತವು ಎಲ್ಲರಿಗೂ ಒಂದೇ ಅಳತೆಯಲ್ಲಿ ಹಂಚಿಹೋಗುತ್ತದೆ.

ತೊಡಕು ಹುಟ್ಟುವುದು ಬೇರೊಂದು ಸಂದರ್ಭದಲ್ಲಿ. ಅಂಗಾತವನ್ನು ಒಬ್ಬನಿಗೆ, ಬೋರಲನ್ನು ಇನ್ನೊಬ್ಬನಿಗೆ ಕೊಟ್ಟು ಒಂದೇ ಕವಡೆಯ ಒಂದೇ ಎಸೆತದಿಂದ ತೀರ್ಪು ಪಡೆಯಬೇಕಾದಾಗ ವಸ್ತುವಿನ ಓರೆ ನೇರವಾಗಿ ತೀರ್ಪಿಗೆ ಇಳಿಯುತ್ತದೆ. ಓರೆ ಎಷ್ಟೆಂದು ತಿಳಿಯದೆಯೇ ಅದನ್ನು ಕಳೆಯುವುದು ಸಾಧ್ಯವೇ ಎಂಬ ಪ್ರಶ್ನೆಗೆ ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ದೊರೆತ ಉತ್ತರವೇ ಪ್ರಸ್ತುತ ಲೇಖನದ ವಸ್ತು.

ಈ ಉತ್ತರ ಹುಟ್ಟಿದ್ದು ಆಟದ ಅಂಗಳದಲ್ಲಲ್ಲ, ಗಣಕಯಂತ್ರದ ಮಗ್ಗುಲಲ್ಲಿ. ಎರಡನೆಯ ಮಹಾಯುದ್ಧದ ತರುವಾಯ ಅಮೆರಿಕದಲ್ಲಿ ‘ಮಾಂಟೆ ಕಾರ್ಲೊ’ ಎಂಬ ಲೆಕ್ಕಾಚಾರದ ಪದ್ಧತಿ ಬಳಕೆಗೆ ಬಂದಿತು. ಅದಕ್ಕೆ ಯಾವ ಕ್ರಮವೂ ಇಲ್ಲದ ಅಂಕಿಗಳು ರಾಶಿಗಟ್ಟಲೆ ಬೇಕಾಗಿದ್ದವು. ರ‍್ಯಾಂಡ್ ಸಂಸ್ಥೆಯು 1947ರಲ್ಲಿ ಎಲೆಕ್ಟ್ರಾನಿಕ್ ರೂಲೆಟ್ ಚಕ್ರದಂತಹ ಯಂತ್ರವೊಂದರಿಂದ ಇಂತಹ ಅಂಕಿಗಳನ್ನು ತೆಗೆಯತೊಡಗಿತು. ಪರೀಕ್ಷಿಸಿದಾಗ ಆ ಯಂತ್ರಕ್ಕೂ ಓರೆ ಇರುವುದು ಕಂಡುಬಂದಿತು. ಪ್ರತಿ ಕಾರ್ಡಿನ ಅಂಕಿಗಳನ್ನು ಹಿಂದಿನ ಕಾರ್ಡಿನ ಅಂಕಿಗಳಿಗೆ ಕೂಡಿಸಿ, ಮೊತ್ತದ ಬಿಡಿ ಸ್ಥಾನವನ್ನು ಮಾತ್ರ ಉಳಿಸಿಕೊಂಡು ಓರೆಯನ್ನು ತಗ್ಗಿಸಲಾಯಿತು. ಈ ಅಂಕಿಗಳು 1955ರಲ್ಲಿ ಪುಸ್ತಕವಾಗಿ ಹೊರಬಂದವು. ಕೂಡಿಸುವ ಈ ಉಪಾಯ ಓರೆಯನ್ನು ಕುಗ್ಗಿಸುತ್ತದೆಯೇ ಹೊರತು ಪೂರ್ತಿ ಅಳಿಸುವುದಿಲ್ಲ.

ಪೂರ್ತಿ ಅಳಿಸುವ ಉಪಾಯವನ್ನು ಮುಂದಿಟ್ಟವನು ಬುಡಾಪೆಸ್ಟ್‌ನಲ್ಲಿ 1903ರಲ್ಲಿ ಜನಿಸಿ ಅಮೆರಿಕದಲ್ಲಿ ನೆಲೆಸಿದ ಗಣಿತಜ್ಞ ಜಾನ್ ವಾನ್ ನಾಯ್ಮನ್. 1949ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ನಡೆದ ಮಾಂಟೆ ಕಾರ್ಲೊ ಗೋಷ್ಠಿಯಲ್ಲಿ ಆತ ಮಾತನಾಡಿದನು. ಜಾರ್ಜ್ ಫೋರ್ಸೈತ್ ಬರೆದಿಟ್ಟ ಅದರ ಸಾರಾಂಶವು 1951ರಲ್ಲಿ ಗೋಷ್ಠಿಯ ಸಂಪುಟದಲ್ಲಿ ಅಚ್ಚಾಯಿತು. ಪರಮಾಣು ಘಟನೆಗಳನ್ನು ಎಣಿಸಿ ಅಂಕಿ ಪಡೆಯಬಹುದಾದರೂ ಅವುಗಳ ಸಂಭವನೀಯತೆ ಖಚಿತವಾಗಿ ತಿಳಿದಿರುವುದಿಲ್ಲ ಎಂಬ ತೊಡಕಿಗೆ ಪರಿಹಾರವಾಗಿ ಆತನು ನಾಣ್ಯದ ದೃಷ್ಟಾಂತವನ್ನು ಕೆಲವೇ ವಾಕ್ಯಗಳಲ್ಲಿ ಕೊಟ್ಟನು. ನಾಣ್ಯವನ್ನು ಎರಡು ಬಾರಿ ಚಿಮ್ಮಬೇಕು. ಎರಡೂ ಒಂದೇ ಆಗಿ ಬಿದ್ದರೆ ಆ ಜೋಡಿಯನ್ನು ಕೈಬಿಟ್ಟು ಮತ್ತೆ ಎರಡು ಬಾರಿ ಚಿಮ್ಮಬೇಕು. ಬೇರೆ ಬೇರೆಯಾಗಿ ಬಿದ್ದರೆ ಮೊದಲು ಬಿದ್ದುದನ್ನೇ ತೀರ್ಪೆಂದು ಸ್ವೀಕರಿಸಬೇಕು.

ಇದರ ಮರ್ಮವನ್ನು ಕವಡೆಯ ಮೂಲಕವೇ ಅರಿಯಬಹುದು. ಒಂದು ಕವಡೆ ನೂರಕ್ಕೆ 60 ಬಾರಿ ಅಂಗಾತ, 40 ಬಾರಿ ಬೋರಲು ಬೀಳುತ್ತದೆಂದು ಭಾವಿಸೋಣ. ಮೊದಲು ಅಂಗಾತ, ಅನಂತರ ಬೋರಲು ಬೀಳುವ ಸಂಭವ 0.6 × 0.4, ಎಂದರೆ 0.24. ಮೊದಲು ಬೋರಲು, ಅನಂತರ ಅಂಗಾತ ಬೀಳುವ ಸಂಭವ 0.4 × 0.6, ಅದೂ 0.24. ಗುಣಿಸುವ ಸಂಖ್ಯೆಗಳ ಸರದಿ ಬದಲಾಯಿತೇ ಹೊರತು ಗುಣಲಬ್ಧ ಬದಲಾಗಲಿಲ್ಲ. 60ರ ಬದಲು 90 ಇದ್ದರೂ ಎರಡೂ 0.09 ಆಗಿ ಸಮವಾಗಿಯೇ ಉಳಿಯುತ್ತವೆ. ಆದುದರಿಂದ ಓರೆಯ ಪ್ರಮಾಣವನ್ನು ಅಳೆಯುವ ಅಗತ್ಯವೇ ಇಲ್ಲ. ಆಟಗಾರರು ಸರದಿಯಿಂದ ಸಾಧಿಸುವ ಸಮತೆಯನ್ನು ಇಲ್ಲಿ ಎರಡು ಎಸೆತಗಳ ಸರದಿಯೇ ಸಾಧಿಸುತ್ತದೆ.

ಹನ್ನೆರಡು ಎಸೆತಗಳು ಹೀಗೆ ಬಿದ್ದವೆಂದು ಇಟ್ಟುಕೊಳ್ಳೋಣ (ಅಂ ಎಂದರೆ ಅಂಗಾತ, ಬೋ ಎಂದರೆ ಬೋರಲು):

ಅಂ ಅಂ | ಅಂ ಬೋ | ಬೋ ಅಂ | ಅಂ ಅಂ | ಬೋ ಬೋ | ಅಂ ಬೋ

ಮೊದಲನೆಯ, ನಾಲ್ಕನೆಯ ಮತ್ತು ಐದನೆಯ ಜೋಡಿಗಳನ್ನು ಕೈಬಿಡಬೇಕು. ಉಳಿದ ಮೂರರಿಂದ ಅಂಗಾತ, ಬೋರಲು, ಅಂಗಾತ ಎಂಬ ಮೂರು ತೀರ್ಪುಗಳು ದೊರೆಯುತ್ತವೆ. ನ್ಯಾಯಕ್ಕೆ ತೆರಬೇಕಾದ ಬೆಲೆಯೂ ಇಲ್ಲಿ ಗೋಚರಿಸುತ್ತದೆ. 60–40ರ ಕವಡೆಯಲ್ಲಿ ಒಂದು ತೀರ್ಪಿಗೆ ಸರಾಸರಿ ನಾಲ್ಕಕ್ಕಿಂತ ತುಸು ಹೆಚ್ಚು ಎಸೆತಗಳು ಬೇಕು. 90–10ರ ಕವಡೆಯಲ್ಲಿ ಸುಮಾರು 11. ಓರೆಯೇ ಇಲ್ಲದ ನಾಣ್ಯದಲ್ಲೂ ನಾಲ್ಕು ಎಸೆತ ಬೇಕಾಗುವುದರಿಂದ ಈ ವಿಧಾನದ ದಕ್ಷತೆ ಹೆಚ್ಚೆಂದರೆ ನೂರಕ್ಕೆ 25 ಎಂಬುದನ್ನು ವಾನ್ ನಾಯ್ಮನ್ ತಾನೇ ಹೇಳಿದ್ದನು.

ಆಚರಣೆಯಲ್ಲಿ ಸಾಮಾನ್ಯವಾಗಿ ನುಸುಳುವ ತಪ್ಪುಗಳು ಎರಡು. ಮೊದಲನೆಯದು ಜೋಡಿಗಳನ್ನು ಒಂದರ ಮೇಲೊಂದು ಹೊಂದಿಸುವುದು. ಎಸೆತಗಳನ್ನು ಉಳಿಸುವ ಆಸೆಯಿಂದ ಒಂದು ಜೋಡಿಯ ಎರಡನೆಯ ಎಸೆತವನ್ನೇ ಮುಂದಿನ ಜೋಡಿಯ ಮೊದಲನೆಯದಾಗಿ ಎಣಿಸಿದರೆ ಮೇಲಿನ ಸಾಲಿನಿಂದ ಐದು ತೀರ್ಪುಗಳು ಸಿಗುತ್ತವೆ: ಅಂಗಾತ, ಬೋರಲು, ಅಂಗಾತ, ಬೋರಲು, ಅಂಗಾತ. ಇದು ಆಕಸ್ಮಿಕವಲ್ಲ. ಅಂಗಾತದಿಂದ ಬೋರಲಿಗೆ ಒಮ್ಮೆ ದಾಟಿದ ಮೇಲೆ, ಮರಳಿ ಅಂಗಾತಕ್ಕೆ ಬರದೆ ಮತ್ತೊಮ್ಮೆ ಹಾಗೆ ದಾಟಲಾಗದು. ಹೀಗಾಗಿ ತೀರ್ಪುಗಳು ಸದಾ ಒಂದು ಬಿಟ್ಟು ಒಂದು ಬರುತ್ತವೆ. ಮೊದಲನೆಯದನ್ನು ಕಂಡವನು ಉಳಿದವನ್ನೆಲ್ಲ ಮುಂಚೆಯೇ ಹೇಳಬಲ್ಲನು. ಎರಡನೆಯದು ಜೋಡಿಗೆ ಎರಡು ಬೇರೆ ಕವಡೆಗಳನ್ನು ಬಳಸುವುದು. ಒಂದು ಕವಡೆ ನೂರಕ್ಕೆ 60, ಇನ್ನೊಂದು 70 ಬಾರಿ ಅಂಗಾತ ಬೀಳುವುದಾದರೆ, ‘ಅಂ ಬೋ’ ಸಂಭವ 0.18, ‘ಬೋ ಅಂ’ ಸಂಭವ 0.28. ಸಮತೆ ಮುರಿಯಿತು. ಒಂದೇ ಕವಡೆಯನ್ನೇ ಎರಡು ಬಾರಿ ಎಸೆಯಬೇಕೆಂಬುದು ಈ ವಿಧಾನದ ಪ್ರಾಣ.

ಇದಕ್ಕಿಂತ ಆಳವಾದ ಮಿತಿಯೊಂದಿದೆ. ಒಂದು ಎಸೆತವು ಮುಂದಿನದರ ಮೇಲೆ ಪ್ರಭಾವ ಬೀರಬಾರದೆಂಬ ನಿಬಂಧನೆಯ ಮೇಲೆ ಇಡೀ ವಾದ ನಿಂತಿದೆ. ಬಿದ್ದ ಕವಡೆಯನ್ನು ಕುಲುಕದೆ ಹಾಗೆಯೇ ಎತ್ತಿ ಎಸೆಯುವ ಕೈಯಲ್ಲಿ ಅದು ಪ್ರತಿ ಬಾರಿಯೂ ಮಗುಚಿಕೊಳ್ಳುತ್ತದೆಂದು ಊಹಿಸೋಣ. ಆಗ ಸಾಲು ‘ಅಂ ಬೋ ಅಂ ಬೋ’ ಎಂದೇ ಸಾಗಿ, ಯಾವ ಜೋಡಿಯೂ ತಿರಸ್ಕೃತವಾಗದೆ, ಎಲ್ಲ ತೀರ್ಪುಗಳೂ ಅಂಗಾತವೇ ಆಗುತ್ತವೆ. ಪ್ರಭಾವ ಇಷ್ಟು ತೀವ್ರವಾಗಿಲ್ಲದಾಗ ದೋಷವನ್ನು ಗುರುತಿಸುವುದು ಕಷ್ಟತರ. ಪ್ರತಿ ಎಸೆತವು ತನ್ನ ಹಿಂದಿನದನ್ನು ಮಾತ್ರ ಅವಲಂಬಿಸಿದ್ದರೆ, ದೀರ್ಘಕಾಲದಲ್ಲಿ ‘ಅಂ ಬೋ’ ಮತ್ತು ‘ಬೋ ಅಂ’ ಜೋಡಿಗಳ ಮೊತ್ತ ಸಮವಾಗಿಯೇ ಬರುತ್ತದೆ. ಮೊತ್ತವನ್ನಷ್ಟೇ ನೋಡುವ ಪರೀಕ್ಷಕನು ಮೋಸಹೋಗುತ್ತಾನೆ. ಅಂಗಾತದ ತೀರ್ಪಿನ ಬೆನ್ನಿಗೆ ಯಾವ ತೀರ್ಪು ಎಷ್ಟು ಬಾರಿ ಬಂದಿತೆಂದು ಪ್ರತ್ಯೇಕವಾಗಿ ಎಣಿಸಿದರೆ ಮಾತ್ರ ಒಳಗಿನ ನಂಟು ಬಯಲಾಗುತ್ತದೆ.

ಕೈಬಿಟ್ಟ ಜೋಡಿಗಳ ನಷ್ಟವನ್ನು ತುಂಬುವ ಪ್ರಯತ್ನಗಳು ತರುವಾಯ ನಡೆದವು. ಪೀಟರ್ ಎಲಿಯಸ್ 1972ರಲ್ಲಿ ಎರಡರ ಬದಲು ದೊಡ್ಡ ಗುಂಪುಗಳನ್ನು ತೆಗೆದುಕೊಂಡನು. ನಾಲ್ಕು ಎಸೆತಗಳಲ್ಲಿ ಎರಡು ಅಂಗಾತ, ಎರಡು ಬೋರಲು ಬೀಳುವ ಆರು ಕ್ರಮಗಳಿಗೂ ಸಂಭವ ಒಂದೇ ಎಂಬುದು ಅದರ ಆಧಾರ. ಯುವಲ್ ಪೆರೆಸ್ 1992ರಲ್ಲಿ ತಿರಸ್ಕೃತ ಜೋಡಿಗಳನ್ನೇ ಮತ್ತೆ ಜೋಡಿಸಿದನು. ‘ಅಂ ಅಂ’ ಮೊದಲು ಬಂದು ‘ಬೋ ಬೋ’ ಅನಂತರ ಬರುವುದಕ್ಕೂ, ಅದು ತಿರುವುಮುರುವಾಗಿ ಬರುವುದಕ್ಕೂ ಸಂಭವ ಒಂದೇ ಆದುದರಿಂದ ಅಲ್ಲಿಂದಲೂ ತೀರ್ಪು ಪಡೆಯಬಹುದು. ಎರಡರಲ್ಲೂ ಮೂಲ ತತ್ತ್ವ ಬದಲಾಗಲಿಲ್ಲ: ಎಷ್ಟು ಅಂಗಾತ, ಎಷ್ಟು ಬೋರಲು ಎಂಬ ಲೆಕ್ಕವನ್ನು ಬದಿಗಿಟ್ಟು, ಅವು ಬಿದ್ದ ಸರದಿಯಿಂದ ಮಾತ್ರ ತೀರ್ಪು ಪಡೆಯುವುದು.

ಚೌಕಾಬಾರದ ಆಟಗಾರರು ಈ ವಿಧಾನವನ್ನು ಬಲ್ಲವರಾಗಿದ್ದರೆಂದು ಇದರಿಂದ ಸಾಧಿಸಲಾಗದು. ಅವರಿಗೆ ಅದರ ಅಗತ್ಯವಿರಲಿಲ್ಲ. ಇಬ್ಬರಿಗೂ ಒಂದೇ ಕವಡೆ, ಇಬ್ಬರಿಗೂ ಸರದಿ ಎಂಬ ಆಟದ ನಿಯಮ ಓರೆಯನ್ನು ಹಂಚಿತು. ವಾನ್ ನಾಯ್ಮನ್‌ನ ನಿಯಮ ಅದನ್ನು ರದ್ದುಮಾಡಿತು. ಸಾಧನ ನಿರ್ದೋಷಿಯಾಗಿರಬೇಕೆಂದು ಇವೆರಡರಲ್ಲಿ ಯಾವುದೂ ಬಯಸಲಿಲ್ಲ.